ಹಾಲು ಹರಿದ ಜಾಗದ ಅಣಬೆ

ನನಗೆ ಅಣಬೆ ಸೇರುವುದಿಲ್ಲ. ಚಿಕ್ಕಂದಿನಿಂದಲೂ ಅಷ್ಟೇ. ಬಾಯಲ್ಲಿಟ್ಟರೆ ಜಾರುತ್ತದೆ, ಅಗಿಯಲು ಹೋದರೆ ರಬ್ಬರಿನ ಹಾಗೆ ಹಿಂದಕ್ಕೆ ಬರುತ್ತದೆ. ಅಂಥವಳು ಈಗ ಶಿಗ್ಗಾವಿಯ ನಮ್ಮ ಕಾಯಿಪಲ್ಲೆ ಅಂಗಡಿಯಲ್ಲಿ ಕುಳಿತು ಅಣಬೆ ಮಾರುತ್ತೇನೆ. ಮಾರುವುದಷ್ಟೇ ಅಲ್ಲ, ಕೊಳ್ಳಲು ಬಂದವರಿಗೆ ಅರ್ಧ ಗಂಟೆ ಪಾಠವನ್ನೂ ಹೇಳುತ್ತೇನೆ. ನನ್ನ ಗಂಡ ತಕ್ಕಡಿ ಹಿಡಿದುಕೊಂಡು, "ಗಿರಾಕಿಗೆ ಅಣಬಿ ಕೊಡ್ತಿ, ಪರೀಕ್ಷಾ ತಗೋತಿ ಏನ್?" ಎಂದು ಕಾಲೆಳೆಯುತ್ತಾನೆ. ಎಳೆಯಲಿ. ಅವನು ಆ ವಾರ ಹುಬ್ಬಳ್ಳಿಯ ಆಸ್ಪತ್ರೆಯ ಬಾಗಿಲಲ್ಲಿ ಕೂತಿರಲಿಲ್ಲ.

ನನ್ನ ತವರು ದುಂಡಸಿಯ ಹತ್ತಿರದ ಹಳ್ಳಿ. ಅಪ್ಪನಿಗೆ ಗೋವಿನಜೋಳ, ಹತ್ತಿ ಬೆಳೆಯುವಷ್ಟು ಹೊಲ. ಹೊಲದ ಮೂಲೆಯಲ್ಲಿ ನನ್ನ ಎದೆಯೆತ್ತರದ ಒಂದು ಹುತ್ತ. ಅಕ್ಕನನ್ನು ಚಿಕ್ಕೇರೂರಿಗೆ ಕೊಟ್ಟಿದ್ದಾರೆ, ನನ್ನನ್ನು ಶಿಗ್ಗಾವಿಗೆ. ನಾಗರ ಪಂಚಮಿ ಎಂದರೆ ಇಬ್ಬರೂ ತವರಿಗೆ ಬರಲೇಬೇಕು. ಬರದಿದ್ದರೆ ಅವ್ವ ಮುಂದಿನ ಪಂಚಮಿಯವರೆಗೂ ಅದನ್ನೇ ಆಡುತ್ತಾಳೆ. ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು, ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ, ಇವೆಲ್ಲ ಎಲ್ಲರ ಮನೆಯಲ್ಲೂ ಇರುವಂಥವೇ. ನಮ್ಮ ಮನೆಯಲ್ಲಿ ಇನ್ನೊಂದು ಇತ್ತು. ಹಾಲೆರೆಯುವ ಹುತ್ತದ ಮೈಮೇಲೆ ಆ ಹೊತ್ತಿಗೆ ಅಣಬೆ ಏಳುತ್ತಿದ್ದವು. ಬೆಳ್ಳಗೆ, ಸಣ್ಣ ಛತ್ರಿಯಂತೆ, ಕಿತ್ತರೆ ಹುತ್ತದೊಳಗಿಂದ ಉದ್ದನೆಯ ಬೇರು ಬರುವಂಥವು. ಹಾಲೆರೆದ ದಿನ ನಮ್ಮಲ್ಲಿ ಏನನ್ನೂ ಕೀಳುವುದಿಲ್ಲ, ಹೆಚ್ಚುವುದಿಲ್ಲ, ಒಲೆಯ ಮೇಲೆ ಹೆಂಚು ಇಡುವುದಿಲ್ಲ. ಮರುದಿನ ಅವ್ವ ಕಿತ್ತು ತಂದು ಖಾರ ಹಾಕಿ ಪಲ್ಯ ಮಾಡುತ್ತಿದ್ದಳು. ಅಕ್ಕನಿಗೆ ಅದೆಂದರೆ ಪ್ರಾಣ. ನನಗೆ ಅವತ್ತು ಕೆಂಪು ಖಾರ, ರೊಟ್ಟಿ, ಮೊಸರು.

ಅವ್ವನ ಮಟ್ಟಿಗೆ ಅದು ಬರೀ ಅಣಬೆ ಅಲ್ಲ. "ನಾಗಪ್ಪ ಕೊಟ್ಟದ್ದು" ಎನ್ನುತ್ತಿದ್ದಳು. ತಾನು ಹಾಲೆರೆದು, ಅರಿಶಿನ ಹಚ್ಚಿ, ಕೈ ಮುಗಿದ ಜಾಗದಲ್ಲಿ ಕೆಟ್ಟದ್ದು ಏಳುತ್ತದೆ ಎಂಬ ವಿಚಾರವೇ ಅವಳ ತಲೆಗೆ ಬರುವಂತಿರಲಿಲ್ಲ. ಅವಳ ಅತ್ತೆಯೂ ಹಾಗೇ ಕಿತ್ತಿದ್ದಳು, ಏನೂ ಆಗಿರಲಿಲ್ಲ.

ಆ ವರ್ಷ ಮಳೆ ಚೆನ್ನಾಗಿತ್ತು. ಹಾಲೆರೆದ ದಿನ ಹುತ್ತದ ಮೇಲೆ ಮೊಗ್ಗು ಎದ್ದಿದ್ದನ್ನು ನಾವೆಲ್ಲ ನೋಡಿ ಬಂದೆವು. ಮರುದಿನ ಶ್ರಾವಣ ಸೋಮವಾರ. ಬೆಳಿಗ್ಗೆ ಅವ್ವ ಹೋಗುವಷ್ಟರಲ್ಲಿ ಯಾರೋ ಕೈ ಆಡಿಸಿದ್ದರು, ಹುತ್ತದ ಮೇಲೆ ಒಂದು ಹಿಡಿಯಷ್ಟೇ ಉಳಿದಿತ್ತು. ಅಕ್ಕ ಬಂದಿದ್ದಾಳೆ, ಒಂದು ಹಿಡಿಯಲ್ಲಿ ಏನಾಗುತ್ತದೆ? ಅವ್ವ ಸುತ್ತ ನೋಡಿದ್ದಾಳೆ. ಹಿಂದಿನ ದಿನ ಊರವರೆಲ್ಲ ಎರೆದ ಹಾಲು ಹುತ್ತದಿಂದ ಇಳಿದು, ಬದುವಿನ ಕಡೆ ಹರಿದು, ಮರಗಳ ಬುಡದಲ್ಲಿ ಇಂಗಿತ್ತು. ಆ ಸಾಲಿನಲ್ಲೇ ಬೆಳ್ಳನೆಯ ಅಣಬೆ ಎದ್ದಿದ್ದವು. ಹುತ್ತದವಕ್ಕಿಂತ ದಪ್ಪ, ನೋಡಲು ಚೆಂದ. ಹಾಲು ಹರಿದ ಜಾಗವೂ ನಾಗಪ್ಪನದೇ ಎಂದು ಅವ್ವ ಅವನ್ನೂ ಕಿತ್ತು ಅದೇ ಉಡಿಗೆ ಹಾಕಿಕೊಂಡಳು.

ಇದನ್ನು ಅವಳೇ ನಮಗೆ ಹೇಳಿದ್ದು, ಅದೂ ಆಮೇಲೆ. ಅವತ್ತು ಅವಳು ಹೇಳಿದ್ದು, "ಈ ಸಲ ನಾಗಪ್ಪ ಕೈ ಬಿಚ್ಚಿ ಕೊಟ್ಟಾನ" ಎಂದಷ್ಟೇ.

ಅವಳು ಕಣ್ಣು ಮುಚ್ಚಿಕೊಂಡು ಮಾಡಿದಳು ಎಂದು ಯಾರೂ ತಿಳಿಯಬಾರದು. ತನಗೆ ಗೊತ್ತಿದ್ದ ಪರೀಕ್ಷೆಯನ್ನೆಲ್ಲ ಮಾಡಿದಳು. ಒಂದೆರಡನ್ನು ಹುಳ ತಿಂದಿತ್ತು, "ಹುಳಕ್ಕ ಏನೂ ಆಗಿಲ್ಲ, ನಮಗೇನ್ ಆಗ್ತದ" ಎಂದಳು. ಕುದಿಯುವಾಗ ದೇವರ ಜಗಲಿಯ ಮೇಲಿನ ಬೆಳ್ಳಿ ಬಿಲ್ಲೆಯನ್ನು ತೊಳೆದು ಪಾತ್ರೆಗೆ ಹಾಕಿ ನೋಡಿದಳು. ಅದು ಬೆಳ್ಳಗೇ ಇತ್ತು. ಅರಿಶಿನ, ಬೆಳ್ಳುಳ್ಳಿ ಹಾಕಿ ಚೆನ್ನಾಗಿ ಬೇಯಿಸಿದಳು. ರಾತ್ರಿ ಊಟಕ್ಕೆ ಅಪ್ಪ ಎರಡು ತುತ್ತು ತಿಂದು ಸಾಕೆಂದ. ದಪ್ಪ ದಪ್ಪ ತುಂಡುಗಳನ್ನು ಅವ್ವ ಹುಡುಕಿ ಹುಡುಕಿ ಅಕ್ಕನ ತಾಟಿಗೆ ಹಾಕಿದಳು. ಅವ್ವನಿಗೆ ಸೋಮವಾರದ ಉಪವಾಸ, ತಾನು ಹಾಲು ಕುಡಿದು ಎರಡು ಬಾಳೆಹಣ್ಣು ತಿಂದಳು.

ಎಲ್ಲರೂ ಆರಾಮಾಗಿ ಮಲಗಿದೆವು. ವಾಂತಿ ಶುರುವಾಗಿದ್ದು ಮರುದಿನ ಬೆಳಿಗ್ಗೆ, ಅಕ್ಕ ಚಹಾ ಕುಡಿದ ಮೇಲೆ. ಮೊದಲು ಅಕ್ಕನಿಗೆ, ಹಿಂದೆಯೇ ಅಪ್ಪನಿಗೆ. ನೀರು ನೀರಾದ ಭೇದಿ, ಹೊಟ್ಟೆ ಹಿಂಡಿದಂಥ ನೋವು. ಅಣಬೆಯ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಬರುವುದಾದರೂ ಹೇಗೆ? ಉಂಡು ಇಡೀ ರಾತ್ರಿ ಕಳೆದಿತ್ತು. ವಿಷ ತಿಂದವರು ತಿಂದ ಕೂಡಲೇ ಒದ್ದಾಡುತ್ತಾರೆ ಎಂದೇ ನಾವೆಲ್ಲ ತಿಳಿದಿದ್ದೆವು. ಉಂಡಿ ಜಾಸ್ತಿ ಆಯಿತು, ಹಬ್ಬದ ಎಣ್ಣೆ ಪದಾರ್ಥ, ಜೋಕಾಲಿ ಆಡಿ ಪಿತ್ತ ಏರಿತು, ಹೀಗೆ ಬಾಯಿಗೆ ಬಂದದ್ದನ್ನು ಹೇಳಿಕೊಂಡು ಉಪ್ಪು ಸಕ್ಕರೆ ನೀರು ಕುಡಿಸುತ್ತ ಆ ದಿನ ಕಳೆದೆವು. ಸಂಜೆಗೆ ಅಕ್ಕನ ಕಣ್ಣು ಒಳಗೆ ಹೋದವು. ಆಗ ಕಾರು ಮಾಡಿಕೊಂಡು ಇಬ್ಬರನ್ನೂ ಶಿಗ್ಗಾವಿಗೆ, ನಮ್ಮ ಅಂಗಡಿಯ ಹಿಂದಿನ ಓಣಿಯ ಡಾಕ್ಟರ ಸಣ್ಣ ಆಸ್ಪತ್ರೆಗೆ ತಂದೆವು. ಸಲೈನ್ ಹಚ್ಚಿದರು.

ಮಾರನೆಯ ಮುಂಜಾನೆ ನೋಡಿದರೆ ಅಕ್ಕ ಎದ್ದು ಕುಳಿತು ಜಡೆ ಹಾಕಿಕೊಳ್ಳುತ್ತಿದ್ದಾಳೆ. ವಾಂತಿ ನಿಂತಿತ್ತು, ಭೇದಿ ನಿಂತಿತ್ತು. ನನಗೆ ಜೀವ ಬಂದಂತಾಯಿತು. ಚಿಕ್ಕೇರೂರಿನಿಂದ ಭಾವನ ಫೋನು ಬಂತು, ಹೊಲದಲ್ಲಿ ಕಳೆ ತೆಗೆಯುವ ಆಳು ಬಂದಿದ್ದಾರೆ, ಯಾವಾಗ ಬರುತ್ತಿ ಎಂದು. "ಇವತ್ತ ಬರ್ತೇನ್ರಿ, ಮಧ್ಯಾಹ್ನದ ಬಸ್ ಹಿಡೀತೇನಿ" ಎಂದು ಅಕ್ಕ ಹೇಳಿಯೂಬಿಟ್ಟಳು. ಅವ್ವ ಉಂಡಿಯ ಡಬ್ಬಿ ಕಟ್ಟತೊಡಗಿದಳು. ನಾನೇ ಅಂಗಡಿಗೆ ಹೋಗಿ ಅಕ್ಕನಿಗೆಂದು ಸವಣೂರಿನ ವೀಳ್ಯದೆಲೆಯ ಕಟ್ಟು ತಂದೆ. ಇನ್ನು ಬಿಲ್ಲು ಕೊಟ್ಟು ಹೊರಡುವುದಷ್ಟೇ ಉಳಿದಿತ್ತು.

ಡಾಕ್ಟರು ಕಳಿಸುವ ಮೊದಲು ಇನ್ನೊಮ್ಮೆ ವಿಚಾರಿಸಿದರು. "ಹಬ್ಬದಾಗ ಏನೇನ್ ಉಂಡಿದ್ರಿ? ಎಲ್ಲಾ ಹೇಳ್ರಿ."

ಅವ್ವ ಹೇಳಿದಳು. ಉಂಡಿ, ಅಳ್ಳು, ಕಡುಬು, ಹೆಸರುಕಾಳಿನ ಉಸಳಿ, ರೊಟ್ಟಿ, ಮಡಿಕಿಕಾಳು. ಎಲ್ಲ ಹೇಳಿದಳು, ಅಣಬೆ ಒಂದನ್ನು ಬಿಟ್ಟು. ಮುಚ್ಚಿಡಬೇಕೆಂದಲ್ಲ. ದೇವರ ತೀರ್ಥವನ್ನು ಯಾರೂ ಊಟದ ಲೆಕ್ಕಕ್ಕೆ ಸೇರಿಸುವುದಿಲ್ಲವಲ್ಲ, ಹಾಗೆ. ನನಗೋ ಅಣಬೆಯ ಮೇಲೆ ಹಳೆಯ ಸಿಟ್ಟು, ಸುಮ್ಮನಿರಲಾಗದೆ ಅಂದೆ: "ಆ ಹಾಳಾದ ಅಣಬಿ ಪಲ್ಯಾನೂ ಉಂಡಾರ್ರೀ."

ಡಾಕ್ಟರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. "ಪ್ಯಾಕೆಟ್ ಅಣಬಿನೋ, ಹೊಲದ್ದೋ?"

"ಹೊಲದ್ರೀ. ನಮ್ಮ ಹುತ್ತದ್ದು" ಎಂದಳು ಅವ್ವ, ಸ್ವಲ್ಪ ಹೆಮ್ಮೆಯಿಂದಲೇ.

"ಯಾವಾಗ ಉಂಡ್ರಿ? ವಾಂತಿ ಯಾವಾಗ ಶುರುವಾತು?"

ರಾತ್ರಿ ಉಂಡದ್ದು, ಬೆಳಿಗ್ಗೆ ಶುರುವಾದದ್ದು ಎಂದು ನಾನು ಹೇಳುತ್ತಿದ್ದಂತೆ ಅವರ ಮುಖ ಗಂಭೀರವಾಯಿತು. ಅಕ್ಕ ಚೀಲ ಹಿಡಿದು ನಿಂತಿದ್ದಳು. "ನೀವು ಕುಂದರ್ರಿ, ಎಲ್ಲಿಗೂ ಹೋಗೂ ಹಂಗಿಲ್ಲ" ಎಂದರು. ನಾವು ತಿಳಿದುಕೊಂಡಿದ್ದಕ್ಕೆ ಪೂರಾ ಉಲ್ಟಾ ಅವರು ಹೇಳಿದ್ದು. ಕೆಲವು ಅಣಬೆ ತಿಂದ ಒಂದೆರಡು ತಾಸಿನಲ್ಲೇ ವಾಂತಿ ಮಾಡಿಸುತ್ತವಂತೆ, ಅವು ಬಹಳ ಸಲ ಹೊಟ್ಟೆಯನ್ನಷ್ಟೇ ಕೆಡಿಸಿ ಬಿಡುತ್ತವೆ. ತಡವಾಗಿ, ಆರು ತಾಸು, ಹನ್ನೆರಡು ತಾಸು ಬಿಟ್ಟು ಶುರುವಾದರೆ ಹೆಚ್ಚು ಹೆದರಬೇಕು. ಆ ಜಾತಿಯ ವಿಷ ಒಂದು ದಿನ ಒದ್ದಾಡಿಸಿ, ಆಮೇಲೆ ಆರಾಮಾದ ಹಾಗೆ ತೋರಿಸುತ್ತದೆ. ಜನ ಮನೆಗೆ ಹೋಗುತ್ತಾರೆ. ಅಷ್ಟರಲ್ಲಿ ಅದು ಒಳಗೇ ಲಿವರನ್ನು ತಿನ್ನುತ್ತಿರುತ್ತದೆ.

"ಅಕಿ ಆರಾಮ್ ಅದಾಳ್ರೀ, ನೋಡ್ರಿ" ಎಂದು ಅವ್ವ ಗೋಗರೆದಳು. "ಬೆಳ್ಳಿ ಹಾಕಿ ನೋಡೇನ್ರಿ, ಕರ್ರಗಾಗಿಲ್ಲ. ಹುಳಾ ಸೈತ ತಿಂದಿತ್ರಿ."

"ಯವ್ವಾ, ಬೆಳ್ಳಿಗೆ ಅಣಬಿ ವಿಷ ಗೊತ್ತಾಗಂಗಿಲ್ಲ. ಹುಳಾ ತಿಂದು ಅರಗಿಸಿಕೊಂಡದ್ದು ಮನಷ್ಯಾನ ಜೀವಾ ತಗೀತದ. ಕುದಿಸಿದ್ರೂ ಆ ವಿಷ ಹೋಗಂಗಿಲ್ಲ, ಅರಿಶಿಣಾ ಹಾಕಿದ್ರೂ ಹೋಗಂಗಿಲ್ಲ." ಅವರು ಗದರಲಿಲ್ಲ. ಗದರಿದ್ದರೇ ಚೆನ್ನಾಗಿತ್ತೇನೋ, ಅವ್ವ ಸಿಟ್ಟಾದರೂ ಮಾಡಿಕೊಳ್ಳುತ್ತಿದ್ದಳು.

ಇಬ್ಬರ ರಕ್ತವನ್ನೂ ಪರೀಕ್ಷೆಗೆ ತೆಗೆದರು. ಉಳಿದ ಅಣಬೆ ಏನಾದರೂ ಇದ್ದರೆ ತನ್ನಿ, ಪ್ಲಾಸ್ಟಿಕ್ಕಿನಲ್ಲಿ ಅಲ್ಲ, ಕಾಗದದಲ್ಲಿ ಸುತ್ತಿ ಎಂದರು. ನಾನು ಗಂಡನ ಬೈಕಿನ ಮೇಲೆ ಊರಿಗೆ ಓಡಿದೆ. ಪಲ್ಯದ ಪಾತ್ರೆ ತೊಳೆದು ಬೋರಲು ಹಾಕಿತ್ತು. ಅವ್ವ ಕೊಯ್ದು ಬಿಸಾಡಿದ ಬುಡಗಳು ತಿಪ್ಪೆಯಲ್ಲಿ ಇರಬೇಕೆಂದು ಕೋಲು ಹಿಡಿದು ಕೆದರಿದೆ. ಸಗಣಿ, ಹಬ್ಬದ ಎಲೆ, ತೆಂಗಿನ ಚಿಪ್ಪು, ಅವುಗಳ ನಡುವೆ ಸಿಕ್ಕವು. ಕೆಲವಕ್ಕೆ ಹುತ್ತದೊಳಗಿನ ಉದ್ದ ಬೇರು ಇತ್ತು. ಉಳಿದವಕ್ಕೆ ಬೇರಿರಲಿಲ್ಲ. ಬುಡದಲ್ಲಿ ಗಡ್ಡೆಯಂತೆ ಉಬ್ಬಿ, ಅದರ ಸುತ್ತ ಹರಿದ ತೆಳ್ಳನೆಯ ಚೀಲದಂಥದು ಅಂಟಿಕೊಂಡಿತ್ತು. ಎರಡು ಜಾತಿಯವು ಒಂದೇ ಪಾತ್ರೆಯಲ್ಲಿ ಬೆಂದಿದ್ದವೆಂದು ನನಗೆ ಗೊತ್ತಾಗಿದ್ದು ಅಲ್ಲಿ, ತಿಪ್ಪೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಾಗ. ಎರಡನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿಕೊಂಡೆ.

ಡಾಕ್ಟರು ಅವುಗಳ ಫೋಟೋ ತೆಗೆದರು, ಇಂಥದೇ ಜಾತಿ ಎಂದು ಹೆಸರು ಹೇಳಲಿಲ್ಲ. ತಿಳಿದವರೂ ನೋಡಿದ ಕೂಡಲೇ ಹೇಳುವುದು ಕಷ್ಟ, ಆದರೆ ಬುಡದ ಆ ಚೀಲ ಒಳ್ಳೆಯ ಲಕ್ಷಣವಲ್ಲ ಎಂದರು. ಅಷ್ಟರಲ್ಲಿ ರಕ್ತದ ಫಲಿತಾಂಶ ಬಂತು. ಜಡೆ ಹಾಕಿಕೊಂಡು, ಎಲೆಯಡಿಕೆ ಹಾಕಿಕೊಳ್ಳಲಾ ಎಂದು ಕೇಳುತ್ತ ಕೂತಿದ್ದ ಅಕ್ಕನ ಲಿವರು ಆಗಲೇ ಪೆಟ್ಟು ತಿಂದಿತ್ತು. ಅಂಬುಲೆನ್ಸಿನಲ್ಲಿ ಇಬ್ಬರನ್ನೂ ಹುಬ್ಬಳ್ಳಿಗೆ ಕಳಿಸಿದರು.

ಮರುದಿನ ಅವಳ ಕಣ್ಣು ಹಳದಿಯಾದವು. ವಸಡಿನಲ್ಲಿ ರಕ್ತ ಬಂತು. ಮಾತಾಡಿಸಿದರೆ ನಿದ್ದೆಗಣ್ಣಿನಲ್ಲಿ ಏನೋ ಹೇಳುತ್ತಿದ್ದಳು. ಅಪ್ಪನಿಗೆ ಎರಡೇ ತುತ್ತಿನ ಪುಣ್ಯ, ಬೇಗ ಸುಧಾರಿಸಿದ. ಅಕ್ಕನ ವಿಷಯಕ್ಕೆ ಮಾತ್ರ ಅಲ್ಲಿಯ ಡಾಕ್ಟರು, ಔಷಧ ಕೊಡುತ್ತಿದ್ದೇವೆ, ಲಿವರು ತಾನೇ ಚೇತರಿಸಿಕೊಳ್ಳಬೇಕು, ಕೈ ಮೀರಿದರೆ ಬೇರೆ ಲಿವರು ಹಾಕುವ ಮಾತಾಡಬೇಕಾಗುತ್ತದೆ ಎಂದರು. ಚಿಕ್ಕೇರೂರಿನಿಂದ ಬಂದ ಭಾವ ಗೋಡೆಗೆ ಒರಗಿ ನಿಂತವನು ನಿಂತೇ ಇದ್ದ. ಅವಳು ಆ ಮಧ್ಯಾಹ್ನದ ಬಸ್ ಹತ್ತಿದ್ದರೆ ಏನಾಗುತ್ತಿತ್ತೆಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಅವ್ವ ನೆಲದ ಮೇಲೆ ಕೂತಿದ್ದಳು. ಅಳಲಿಲ್ಲ. ಒಂದೇ ಮಾತು, ಮತ್ತೆ ಮತ್ತೆ. "ನಾ ಉಣಲಿಲ್ಲ. ಎಲ್ಲಾ ಅಕಿಗೇ ಹಾಕಿದ್ನಿ, ನಾ ಒಂದ್ ತುತ್ತೂ ಉಣಲಿಲ್ಲ." ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆ ಮಾತು ಕೇಳಿದ ಮೇಲೆ ಸಿಟ್ಟು ಉಳಿಯಲಿಲ್ಲ. ಪಕ್ಕದಲ್ಲಿ ಕೂತೆ.

ಅಕ್ಕ ಉಳಿದಳು. ರಕ್ತದ ಪರೀಕ್ಷೆಯ ಅಂಕಿ ಒಂದು ದಿನ ಏರುವುದು ನಿಂತು, ಆಮೇಲೆ ನಿಧಾನಕ್ಕೆ ಇಳಿಯಿತು. ಮೊದಲು ಹಸಿವು ಎಂದಳು, ಆಮೇಲೆ ಆಸ್ಪತ್ರೆಯ ಗಂಜಿಗೆ ಉಪ್ಪಿಲ್ಲ ಎಂದು ಬೈದಳು. ಬೈದಾಗ ನಾವೆಲ್ಲ ನಕ್ಕೆವು, ಅತ್ತೆವು.

ಅಂಗಡಿಯಲ್ಲಿ ಅಣಬೆ ಇಡತೊಡಗಿದ್ದು ಆ ಮಳೆಗಾಲದ ಕೊನೆಗೆ. ಅದಕ್ಕೂ ಕಾರಣ ಇದೆ. ಒಬ್ಬ ಮನುಷ್ಯ ಬುಟ್ಟಿಯ ತುಂಬ ಕಾಡಣಬೆ ತಂದು, "ಅಕ್ಕಾರ, ಇಟಗೊಂಡು ಮಾರ್ರಿ, ಹಾನಗಲ್ ಕಡೆ ಅಡವ್ಯಾಗಿಂದು, ಫಸ್ಟ್ ಕ್ಲಾಸ್ ಮಾಲು" ಎಂದ. ನೋಡಿದರೆ ಅದರಲ್ಲಿ ನಾಲ್ಕು ಥರದವು ಇದ್ದವು. ಇವುಗಳಲ್ಲಿ ಯಾವುದು ಯಾವುದೆಂದು ಹೇಗೆ ತಿಳಿಯುತ್ತದೆ ಎಂದು ಕೇಳಿದೆ. "ನೋಡಿದ್ರ ಗೊತ್ತಾಗ್ತದರೀ" ಎಂದ. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ, ಇಡೀ ಸಂತೆಗೆ ಕೇಳುವ ಹಾಗೆ ಉಗಿದು ಕಳಿಸಿದೆ. ಅವನು ಹೋದ ಮೇಲೆ ನಿಂತಿದ್ದ ಹೆಣ್ಣುಮಗಳೊಬ್ಬಳು ಕೇಳಿದಳು: "ಹಂಗಾರ ಅಣಬಿ ತಿನ್ನಬೇಕಂದವ್ರು ಏನ್ ಮಾಡಬೇಕ್ರಿ?" ತಿನ್ನಬೇಡಿ ಎನ್ನಬಹುದಿತ್ತು, ಆದರೆ ತಿನ್ನುವವರು ತಿಂದೇ ತಿನ್ನುತ್ತಾರೆ. ಒಳ್ಳೆಯದು ಸಿಗದಿದ್ದರೆ ಆ ಬುಟ್ಟಿಯವನ ಹಿಂದೆ ಹೋಗುತ್ತಾರೆ.

ಬಂಕಾಪುರದ ಹತ್ತಿರ ಗಂಡ ಹೆಂಡತಿ ಇಬ್ಬರು ಚಿಪ್ಪು ಅಣಬೆ ಬೆಳೆಯುತ್ತಾರೆಂದು ಕೇಳಿದ್ದೆ. ಹೋಗಿ ನೋಡಿ ಬಂದೆ. ಭತ್ತದ ಹುಲ್ಲನ್ನು ಕತ್ತರಿಸಿ ಬಿಸಿನೀರಿನಲ್ಲಿ ಬೇಯಿಸಿ, ಆರಿಸಿ, ಚೀಲಕ್ಕೆ ತುಂಬಿ ನಡುನಡುವೆ ಬೀಜ ಹಾಕುತ್ತಾರೆ. ಆ ಬೀಜ ಲ್ಯಾಬಿನಿಂದ ಬಂದದ್ದು, ಯಾವ ಜಾತಿಯೆಂದು ಗೊತ್ತಿದ್ದೇ ಹಾಕಿದ್ದು. ನನಗೆ ಸಮಾಧಾನ ಕೊಟ್ಟದ್ದು ಅದೇ. ಏನು ಬಿತ್ತಿದ್ದಾರೋ ಅದನ್ನೇ ಕೊಯ್ಯುತ್ತಾರೆ. ಬೇರೆ ಬಣ್ಣದ ಬೂಷ್ಟು ಬಂದ ಚೀಲವನ್ನು ಹೊರಗೆ ಹಾಕುತ್ತಾರೆ. ಅವರಿಂದ ಚಿಪ್ಪು ಅಣಬೆ, ಹುಬ್ಬಳ್ಳಿಯಿಂದ ಬಟನ್ ಅಣಬೆ ತರಿಸಿ, ಫ್ರಿಜ್ಜಿನಲ್ಲಿಟ್ಟು ಮಾರತೊಡಗಿದೆ.

ಬೆಳೆದ ಅಣಬೆಯೂ ಕೆಡುವ ಪದಾರ್ಥವೇ. ಅದಕ್ಕೇ ನನ್ನ ಪಾಠ. ಪ್ಯಾಕೆಟ್ಟಿನ ಮೇಲೆ ಬೆಳೆದವರ ಹೆಸರು ವಿಳಾಸ, ಆಹಾರ ಇಲಾಖೆಯ ಲೈಸೆನ್ಸ್ ನಂಬರು, ಪ್ಯಾಕ್ ಮಾಡಿದ ದಿನ ನೋಡಿ ಎನ್ನುತ್ತೇನೆ. ಒಳಗೆ ನೀರಿನ ಹನಿ ನಿಂತಿದ್ದರೆ, ಲೋಳೆಲೋಳೆ ಆಗಿದ್ದರೆ, ಕಪ್ಪು ಚುಕ್ಕೆ ಬಿದ್ದಿದ್ದರೆ ನನ್ನ ಅಂಗಡಿಯದಾದರೂ ಒಯ್ಯಬೇಡಿ. ಬಟನ್ ಅಣಬೆ ಸುಣ್ಣ ಬಳಿದಷ್ಟು ಬೆಳ್ಳಗಿದ್ದರೆ ಏನಾದರೂ ಹಾಕಿ ತೊಳೆದಿರಬಹುದು, ಸ್ವಲ್ಪ ಮಾಸಿದ ಬಿಳಿ ಸಹಜ. ಮುಟ್ಟಿದರೆ ಗಟ್ಟಿ ಇರಬೇಕು, ಮೂಸಿದರೆ ಮಣ್ಣಿನ ವಾಸನೆ ಬರಬೇಕು, ಹುಳಿ ನಾತ ಬಂದರೆ ಮುಗಿಯಿತು. ಬಿಸಿಲಿನಲ್ಲಿ ಇಟ್ಟು ಮಾರುವವರಲ್ಲಿ ಬೇಡ. ಮನೆಗೆ ಒಯ್ದು ಕಾಗದದ ಚೀಲದಲ್ಲಿ ಫ್ರಿಜ್ಜಿನಲ್ಲಿಡಿ, ಎರಡು ದಿನದೊಳಗೆ ಮಾಡಿ, ಮಾಡುವ ಹೊತ್ತಿಗೇ ತೊಳೆಯಿರಿ, ಹಸಿ ತಿನ್ನದೆ ಚೆನ್ನಾಗಿ ಬೇಯಿಸಿ. ಮೊದಲ ಸಲ ತಿನ್ನುವವರು ಸ್ವಲ್ಪವೇ ತಿಂದು ನೋಡಿ, ಕೆಲವರ ಮೈಗೆ ಒಗ್ಗುವುದಿಲ್ಲ. ಸವಣೂರಿನ ಖಾನಾವಳಿಯವನು ಒಬ್ಬ ನನ್ನ ಗಿರಾಕಿ. ನಾನು ಬಾಯಿ ತೆರೆಯುವ ಮೊದಲೇ ಪ್ಯಾಕೆಟ್ ಮೂಸಿ, ತಾರೀಖು ಓದಿ, "ಪಾಸ್ ಆದ್ನೇನ್ರಿ?" ಎನ್ನುತ್ತಾನೆ.

ಮತ್ತೆ ಪಂಚಮಿ ಬಂತು. ಅಕ್ಕ ಬರುತ್ತಾಳೋ ಇಲ್ಲವೋ ಎಂದು ನನಗೆ ಅನುಮಾನವಿತ್ತು. ಬಂದಳು. ಅವ್ವ ಯಾವಾಗಿನಂತೆ ಹುತ್ತಕ್ಕೆ ಹೋಗಿ ಹಾಲೆರೆದಳು. ಅಣಬೆ ಎದ್ದಿದ್ದವು. ಅವಳು ಅವುಗಳ ಕಡೆ ನೋಡದೆ ಮನೆಗೆ ನಡೆದಳು. ಅಕ್ಕ ದಾರಿಯಲ್ಲಿ ನನ್ನನ್ನು ತಿವಿದು, "ನಿನ್ನ ಅಂಗಡ್ಯಾಗಿಂದು ತಂದೀ ಏನ?" ಎಂದಳು.

"ನಿನಗ ಹುಚ್ಚೇನ?"

"ಡಾಕ್ಟರ್ ಕೇಳೇನಿ. ಬೆಳೆದದ್ದು ತಿನ್ನಾಕ ಅಡ್ಡಿಯಿಲ್ಲ ಅಂದಾರ. ಯವ್ವ ಒಂದ್ ವರ್ಷದಿಂದ ನನ್ನ ತಾಟಿಗೆ ಏನ್ ಹಾಕಬೇಕಂದ್ರೂ ಕೈ ತಡೀತಾಳ. ನನಗದು ನೋಡಾಕ ಆಗವಲ್ದು."

ಮರುದಿನ ನನ್ನ ಗಂಡ ಬಂಕಾಪುರದ ತಾಜಾ ಪ್ಯಾಕೆಟ್ ತಂದುಕೊಟ್ಟ. ಅವ್ವ ಅದನ್ನು ಮುಟ್ಟಲು ಒಲ್ಲೆ ಎಂದಳು. ಅಕ್ಕ ಬಿಡಲಿಲ್ಲ. ಕೊನೆಗೆ ಅವ್ವ ಪ್ಯಾಕೆಟ್ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ಓದಲು ಬಾರದವಳು ತಾರೀಖನ್ನು ನನ್ನಿಂದ ಓದಿಸಿದಳು, ಮತ್ತೊಮ್ಮೆ ಅಪ್ಪನಿಂದ ಓದಿಸಿದಳು. ಪ್ರತಿ ಚಿಪ್ಪನ್ನೂ ತಿರುವಿ ನೋಡಿದಳು, ಮೂಸಿದಳು. ಬೆಳ್ಳಿ ಬಿಲ್ಲೆಯ ಸುದ್ದಿಗೆ ಹೋಗಲಿಲ್ಲ. ಪಲ್ಯವಾಯಿತು. ಎಲ್ಲರಿಗೂ ತಾಟು ಹಾಕಿ, ರೊಟ್ಟಿ ಇಟ್ಟು, ಪಲ್ಯದ ಪಾತ್ರೆಯನ್ನು ಮಾತ್ರ ತನ್ನ ಮುಂದೆ ಎಳೆದುಕೊಂಡು ಕೂತಳು.

"ಇದನ್ನ ಮೊದಲ ನಾ ಉಣ್ತೇನಿ. ನಾಳೆ ಇಷ್ಟೊತ್ತಿನ ತನಕ ನೆಟ್ಟಗಿದ್ರ ನೀವು ಉಣ್ರಿ."

"ಯವ್ವಾ, ಇದು ಬೆಳೆದದ್ದು, ಇದಕ್ಕ ಅದು ಬೇಕಾಗಿಲ್ಲ" ಎಂದೆ. "ಅಡವ್ಯಾಗಿಂದಾದ್ರ ಹಂಗ ತಿಂದು ನೋಡೂದೂ ನಂಬಿಗಿಂದಲ್ಲ, ಡಾಕ್ಟರ್ ಹೇಳಲಿಲ್ಲೇನು? ಒಂದಿನ ಆರಾಮ್ ಇಟ್ಟು ಆಮ್ಯಾಲ ಹಿಡೀತದ."

"ಅದೆಲ್ಲಾ ನಿನ್ನ ಅಂಗಡ್ಯಾಗ ಹೇಳ" ಎಂದಳು. ರೊಟ್ಟಿ ಮುರಿದು, ಪಲ್ಯ ಹಚ್ಚಿ ಬಾಯಿಗಿಟ್ಟುಕೊಂಡಳು. ಹೋದ ವರ್ಷ ಉಣ್ಣದ ತುತ್ತನ್ನು ಈಗ ಉಣ್ಣುತ್ತಿದ್ದಾಳೆಂದು ನನಗೆ ತಿಳಿಯಿತು. ನೀರಿನ ತಂಬಿಗೆಯನ್ನು ಅವಳ ಕಡೆ ಸರಿಸಿದೆ.

ಅಕ್ಕ ತನ್ನ ತಾಟು ಬಿಟ್ಟು, ರೊಟ್ಟಿಯನ್ನಷ್ಟೇ ಕೈಯಲ್ಲಿ ಹಿಡಿದು ಎದ್ದಳು. ಅವ್ವನ ಪಕ್ಕ ಹೋಗಿ ಕೂತು, ಅವಳ ತಾಟಿನಿಂದಲೇ ಒಂದು ದಪ್ಪನೆಯ ತುಂಡು ಎತ್ತಿಕೊಂಡಳು. ಅವ್ವ ಗಬಕ್ಕನೆ ಅವಳ ಮುಂಗೈ ಹಿಡಿದಳು. ಬಳೆಗಳು ಒಂದಕ್ಕೊಂದು ತಾಕಿದವು.

"ಬಿಡಬೇ, ಹಸಿವಾಗೇತಿ" ಎಂದಳು ಅಕ್ಕ.

ಅವ್ವ ಸ್ವಲ್ಪ ಹೊತ್ತು ಹಿಡಿದೇ ಇದ್ದಳು. ಆಮೇಲೆ ಕೈ ಬಿಟ್ಟು, ಪಾತ್ರೆಯಿಂದ ಇನ್ನೊಂದು ತುಂಡು ಹುಡುಕಿ ಅವಳ ರೊಟ್ಟಿಯ ಮೇಲೆ ಹಾಕಿದಳು.